ಕಂಟೇನರ್ ಹೊರಟದ್ದು 8ಕ್ಕೆ, ಬಿಲ್‌ನಲ್ಲಿರುವುದು 14: ಎಲ್‌ಸಿ ಹಣ ಏಕೆ ನಿಂತಿತು?

ಪ್ರಶ್ನೆ: ಕುಶಾಲನಗರದಿಂದ 320 ಚೀಲ ರೊಬಸ್ಟಾ ಚೆರಿ ಎಬಿ ಕಾಫಿಯನ್ನು ನವಮಂಗಳೂರು ಬಂದರಿನ ಮೂಲಕ ಇಟಲಿಯ ಜಿನೋವಾಕ್ಕೆ ಕಳಿಸಿದೆವು. ಸರಿಯಾದ ದಾಖಲೆ ಕೊಟ್ಟರೆ ಹಣ ಕೊಡುವುದಾಗಿ ಖರೀದಿದಾರರ ಬ್ಯಾಂಕ್ ಬರೆದುಕೊಟ್ಟ ಭರವಸೆ ಪತ್ರವಾದ ಎಲ್‌ಸಿ ಪ್ರಕಾರ ಸರಕು ಹಡಗೇರಲು ಮಾರ್ಚ್ 10 ಕೊನೆಯ ದಿನ. ನಮ್ಮ ಕಂಟೇನರ್ 8ರಂದೇ ಹೊರಟಿತ್ತು. ಹಡಗು ಕಂಪನಿ ಕೊಡುವ ಸಾಗಣೆ ದಾಖಲೆಯಾದ ಬಿಲ್ ಆಫ್ ಲೇಡಿಂಗ್‌ನಲ್ಲಿ ಮಾತ್ರ ಕೊಲಂಬೊದ ಹಡಗಿನ ಹೆಸರು, ಮಾರ್ಚ್ 14ರ ದಿನಾಂಕ ಬಂದಿತು. ‘ಸಾಗಣೆ ತಡ’ ಎಂದು ಬ್ಯಾಂಕ್ ಹಣ ತಡೆಯಿತು. ಕೊನೆಗೆ ದರ ಇಳಿಸಿದ ಮೇಲೆಯೇ ಖರೀದಿದಾರರು ಒಪ್ಪಿದರು. ಒಳ್ಳೆಯ ಸರಕಿಗೆ ಹೀಗೇಕಾಯಿತು?

ಉತ್ತರ: ಎಲ್‌ಸಿ ವ್ಯವಹಾರದಲ್ಲಿ ಬ್ಯಾಂಕ್ ಕಾಫಿಯನ್ನು ನೋಡುವುದಿಲ್ಲ, ಕಾಗದವನ್ನಷ್ಟೇ ನೋಡುತ್ತದೆ. ಎಲ್‌ಸಿಗಳಿಗೆ ಅನ್ವಯಿಸುವ, 2007ರ ಜುಲೈ 1ರಿಂದ ಜಾರಿಯಲ್ಲಿರುವ ಯುಸಿಪಿ 600 ಎಂಬ ಅಂತರರಾಷ್ಟ್ರೀಯ ನಿಯಮಾವಳಿಯ 5ನೇ ವಿಧಿ ಇದನ್ನು ನೇರವಾಗಿಯೇ ಹೇಳುತ್ತದೆ. ಆದ್ದರಿಂದ ನಿಮ್ಮ ಕಂಟೇನರ್ ನಿಜವಾಗಿ ಯಾವತ್ತು ಹೊರಟಿತು ಎಂಬುದು ಬ್ಯಾಂಕಿಗೆ ತಿಳಿಯುವ ದಾರಿ ಬಿಲ್ ಆಫ್ ಲೇಡಿಂಗ್ ಒಂದೇ.

ನವಮಂಗಳೂರಿನಿಂದ ಕೊಲಂಬೊವರೆಗೆ ಚಿಕ್ಕ ಫೀಡರ್ ಹಡಗು, ಅಲ್ಲಿಂದ ಯುರೋಪಿಗೆ ದೊಡ್ಡ ಹಡಗು ಎಂಬುದು ನಮ್ಮ ಕಾಫಿಗೆ ಪರಿಚಿತವಾದ ದಾರಿ. ತೊಂದರೆ ಹುಟ್ಟುವುದು ಬಿಲ್ ತಯಾರಿಸುವಾಗ ಫೀಡರಿನ ಹೆಸರನ್ನು ಬಿಟ್ಟು, ದೊಡ್ಡ ಹಡಗಿನ ಹೆಸರನ್ನೂ ಅದು ಸರಕು ಹತ್ತಿಸಿಕೊಂಡ ದಿನವನ್ನೂ ಬರೆದಾಗ. ಎಲ್‌ಸಿ ಸೂಚಿಸಿದ ಬಂದರಿನಲ್ಲಿ, ಹೆಸರಿಸಿದ ಹಡಗಿಗೆ, ಇಂಥ ದಿನ ಸರಕು ಹತ್ತಿದೆ ಎಂಬುದು ಬಿಲ್‌ನಲ್ಲಿ ಕಾಣಬೇಕೆಂದು 20ನೇ ವಿಧಿ ಕೇಳುತ್ತದೆ. ಹತ್ತಿದ ದಿನವನ್ನು ಪ್ರತ್ಯೇಕವಾಗಿ ನಮೂದಿಸಿದ್ದರೆ ಅದೇ ಸಾಗಣೆಯ ದಿನ. ನಿಮ್ಮ ಬಿಲ್‌ನಲ್ಲಿದ್ದ ದಿನ 14; ಎಲ್‌ಸಿಯ ಗಡುವು 10. ಪರಿಶೀಲಕರು ಬೇರೆ ತೀರ್ಮಾನಕ್ಕೆ ಬರುವಂತೆಯೇ ಇರಲಿಲ್ಲ.

ಸರಕು ವಾಸ್ತವವಾಗಿ 8ರಂದು ಫೀಡರ್ ಹತ್ತಿದ್ದರಿಂದ ‘ನವಮಂಗಳೂರಿನಲ್ಲಿ, ಈ ಫೀಡರ್ ಹಡಗಿಗೆ, ಮಾರ್ಚ್ 8ರಂದು ಹತ್ತಿಸಲಾಗಿದೆ’ ಎಂಬ ಆನ್ ಬೋರ್ಡ್ ನಮೂದನ್ನು ಹಡಗು ಕಂಪನಿಯಿಂದ ಕೇಳುವ ಹಕ್ಕು ನಿಮಗಿತ್ತು. ನಡೆದದ್ದನ್ನೇ ಬರೆಸುವುದಕ್ಕೂ ಹತ್ತದ ಸರಕಿಗೆ ಹಿಂದಿನ ದಿನಾಂಕ ಹಾಕಿಸುವುದಕ್ಕೂ ಅಗಾಧ ಅಂತರವಿದೆ; ಎರಡನೆಯದು ವಂಚನೆ, ಅದರ ಹತ್ತಿರವೂ ಸುಳಿಯಬಾರದು. ಹಡಗು ಬದಲಾವಣೆಗೆ ಅಂಜಬೇಕಾಗಿಯೂ ಇರಲಿಲ್ಲ. ನವಮಂಗಳೂರಿನಿಂದ ಜಿನೋವಾವರೆಗಿನ ಪೂರ್ತಿ ಪಯಣ ಒಂದೇ ಬಿಲ್‌ನಲ್ಲಿದ್ದು, ಸರಕು ಕಂಟೇನರಿನಲ್ಲಿ ಹೋಗಿರುವುದು ಅದರಲ್ಲಿ ಕಂಡರೆ, ಎಲ್‌ಸಿ ಹಡಗು ಬದಲಾವಣೆಯನ್ನು ನಿಷೇಧಿಸಿದ್ದರೂ ನಿಯಮ ಸಾಮಾನ್ಯವಾಗಿ ಒಪ್ಪುತ್ತದೆ. ಬಿಲ್‌ನ ಕರಡು ನಿಮ್ಮ ಸಾಗಣೆ ಏಜೆಂಟರಾದ ಫಾರ್ವರ್ಡರಿಂದ ಬಂದ ದಿನವೇ ಎಲ್‌ಸಿಯನ್ನು ಪಕ್ಕದಲ್ಲಿಟ್ಟುಕೊಂಡು ಬಂದರು, ಹಡಗು, ದಿನಾಂಕಗಳನ್ನು ತಾಳೆ ನೋಡಿ. ಮೂಲ ಪ್ರತಿ ಅಚ್ಚಾದ ಮೇಲೆ ತಿದ್ದುಪಡಿಗೆ ದಿನಗಳು ಹಿಡಿಯುತ್ತವೆ.

ಆ ದಿನಗಳನ್ನೂ ಲೆಕ್ಕ ಹಾಕಬೇಕು, ಏಕೆಂದರೆ ಈ ತಿದ್ದುಪಡಿ ಇನ್ನೊಂದು ಗಡುವನ್ನು ಹಿಂದಕ್ಕೆ ಎಳೆಯುತ್ತದೆ. ಎಲ್‌ಸಿಯಲ್ಲಿ ಬೇರೆ ಅವಧಿ ಹೇಳಿರದಿದ್ದರೆ ಸಾಗಣೆಯ ನಂತರ 21 ದಿನಗಳೊಳಗೆ, ಎಲ್‌ಸಿಯ ಅವಧಿಯನ್ನೂ ಮೀರದಂತೆ, ದಾಖಲೆ ಸಲ್ಲಿಸಬೇಕು. ಸಾಗಣೆ 8ರಂದು ಎಂದಾದರೆ ಕೊನೆಯ ದಿನ ಮಾರ್ಚ್ 29. ಎಲ್‌ಸಿಯ ಅವಧಿ 31ರವರೆಗಿದೆ ಎಂದು ನಂಬಿ, ತಿದ್ದಿದ ಬಿಲ್ಲನ್ನು 30ರಂದು ಒಯ್ದರೆ ‘ಸಲ್ಲಿಕೆ ತಡ’ ಎಂಬ ಹೊಸ ದೋಷ ಅಂಟಿಕೊಳ್ಳುತ್ತದೆ. ಯಾವ ಬ್ಯಾಂಕಿನ ಕೌಂಟರಿನಲ್ಲಿ ಅವಧಿ ಮುಗಿಯುತ್ತದೆ ಎಂಬುದನ್ನೂ ಓದಿ: ಅದು ಇಟಲಿಯಲ್ಲಿದ್ದರೆ ಕೊರಿಯರ್ ಅಲ್ಲಿಗೆ ಮುಟ್ಟುವ ದಿನವೇ ಲೆಕ್ಕಕ್ಕೆ.

ನಿಮ್ಮ ಸರಕು ಚೀಲದಲ್ಲಿರುವುದರಿಂದ ಇನ್ನೊಂದು ಮಾತು. ಎಲ್‌ಸಿಯಲ್ಲಿ ಪ್ರಮಾಣ ಬರೀ ಕಿಲೋದಲ್ಲಿದ್ದರೆ, ಮೊತ್ತ ಮೀರದ ಮಟ್ಟಿಗೆ, ಶೇ. 5 ಹೆಚ್ಚು ಕಡಿಮೆ ಸಲ್ಲುತ್ತದೆ. 320 ಚೀಲ ಎಂದು ಎಣಿಕೆಯಲ್ಲಿ ಬರೆದಿದ್ದರೆ ಆ ಸಡಿಲಿಕೆ ಸಿಗದು. ಸರಕಿನ ವಿವರಣೆ ಇನ್‌ವಾಯ್ಸ್‌ನಲ್ಲಿ ಎಲ್‌ಸಿಗೆ ಹೊಂದಲೇಬೇಕು. ಸರಕು ಯಾವ ದೇಶದ್ದೆಂದು ಹೇಳುವ ಮೂಲ ಪ್ರಮಾಣಪತ್ರದಂಥ ಉಳಿದ ದಾಖಲೆಗಳಲ್ಲಿ, ಎಲ್‌ಸಿಗೆ ವಿರುದ್ಧವಾಗದಂತೆ, ಸಾಮಾನ್ಯ ವಿವರಣೆ ಸಾಕು.

ನೀವು ದರ ಇಳಿಸುವ ಮೊದಲು ನೋಡಬೇಕಾಗಿದ್ದ ಕಾಗದವೆಂದರೆ ಬ್ಯಾಂಕಿನ ನಿರಾಕರಣೆ ಸೂಚನೆ. ಕಾಫಿಯ ಬೆಲೆ ಕುಸಿದಿರುವಾಗ ಖರೀದಿದಾರರು ದೋಷವನ್ನು ಮನ್ನಾ ಮಾಡಲು ರಿಯಾಯಿತಿ ಕೇಳುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ, ಅದು ನೋವಿನ ಸಂಗತಿ. ದಾಖಲೆ ಸಲ್ಲಿಕೆಯಾದ ಮರುದಿನದಿಂದ ಐದು ಬ್ಯಾಂಕ್ ಕೆಲಸದ ದಿನಗಳೊಳಗೆ, ಒಂದೇ ಸೂಚನೆಯಲ್ಲಿ, ಪ್ರತಿಯೊಂದು ದೋಷವನ್ನೂ ಹೆಸರಿಸಿ, ದಾಖಲೆಗಳನ್ನು ಏನು ಮಾಡುತ್ತಿದೆ ಎಂಬುದನ್ನೂ ಬ್ಯಾಂಕ್ ತಿಳಿಸಬೇಕು. ಹಾಗೆ ಮಾಡದಿದ್ದರೆ, 16ನೇ ವಿಧಿಯ ಪ್ರಕಾರ, ದಾಖಲೆ ಸರಿಯಿಲ್ಲ ಎಂದು ವಾದಿಸುವ ಹಕ್ಕನ್ನೇ ಅದು ಕಳೆದುಕೊಳ್ಳುತ್ತದೆ. ನಿಮ್ಮ ಬ್ಯಾಂಕಿನಿಂದ ಆ ಸೂಚನೆಯ ಪ್ರತಿಯನ್ನು ಪಡೆದು, ಸಲ್ಲಿಕೆಯ ದಿನದೊಂದಿಗೆ ಹೋಲಿಸಿ ನೋಡಿ.