ಫೋಟೊದಲ್ಲಿ ಕೊಲ್ಹಾಪುರಿ ಚಪ್ಪಲಿಯ ಅಸಲಿತನ

ಪ್ರಶ್ನೆ: ಆನ್‌ಲೈನ್‌ನಲ್ಲಿ ಇಬ್ಬರು ಮಾರಾಟಗಾರರು ಕೊಲ್ಹಾಪುರಿ ಚಪ್ಪಲಿ ತೋರಿಸಿದ್ದಾರೆ. ಇಬ್ಬರೂ ‘ಅಸಲಿ ಚರ್ಮ, ಕೈಹೊಲಿಗೆ’ ಅಂತಾರೆ. ಒಂದರ ಅಟ್ಟೆ ದಪ್ಪಗಿದೆ. ಅದೇ ಒಳ್ಳೇದಾ? — ಓದುಗರು, ದಾವಣಗೆರೆ

ಉತ್ತರ: ನೀವು ಕಳಿಸಿದ ಫೋಟೊಗಳನ್ನು ದೊಡ್ಡದು ಮಾಡಿ ನೋಡಿದೆ. ಮೊದಲು ದಪ್ಪ ಎಷ್ಟು ಅಂತ ಅಳೆಯೋಣ. ಅದಕ್ಕೆ ನೇರ ಪಕ್ಕದಿಂದ ತೆಗೆದ ಫೋಟೊನೇ ಬೇಕು. ಮುಂದಿನಿಂದ ಹತ್ತಿರ ಹಿಡಿದು ತೆಗೆದರೆ ಬೆರಳಿನ ಕಡೆ ಸುಮ್ನೆ ದಪ್ಪ ಕಾಣುತ್ತದೆ. ನಿಮ್ಮ ಅಳತೆಯ ಚಪ್ಪಲಿ ಸುಮಾರು 28 ಸೆಂ.ಮೀ. ಉದ್ದ ಅಂದುಕೊಳ್ಳಿ. ಪರದೆಯ ಮೇಲೆ ಅದು 14 ಸೆಂ.ಮೀ. ಇದ್ದರೆ, ಅಲ್ಲಿ ಅಳೆದದ್ದು ನಿಜವಾಗಿ ಎರಡರಷ್ಟು. ಮೊದಲನೆಯದರ ಅಟ್ಟೆ ಪರದೆಯಲ್ಲಿ 4 ಮಿ.ಮೀ., ಅಂದರೆ 8. ಎರಡನೆಯದು 7, ಅಂದರೆ 14.

ಆದರೆ ನನಗೆ ಹಿಡಿಸಿದ್ದು ತೆಳುವಾದದ್ದೇ. ಅದರ ಅಂಚು ನೋಡಿ. ಒಂದರ ಮೇಲೊಂದು ತೊಗಲಿನ ಪದರ, ನಡುವೆ ಸಣ್ಣ ಗೆರೆ. ಕತ್ತರಿಸಿದ ಕಡೆ ನಾರು ನಾರಾಗಿದೆ. ಹಿಮ್ಮಡಿಯ ಹತ್ತಿರ ಪದರಗಳು ಜಾಸ್ತಿ, ಏಕೆಂದರೆ ಹಿಮ್ಮಡಿ ಕಟ್ಟುವುದೇ ಹಾಗೆ. ದಪ್ಪನೆಯದರ ಅಂಚು ಒಂದೇ ಬಣ್ಣ, ಗೆರೆಯೇ ಇಲ್ಲ. ಒಳಗೆ ರಬ್ಬರೋ, ಚರ್ಮದ ಪುಡಿ ಅಂಟಿಸಿದ ಹಲಗೆಯೋ ಇದ್ದು, ಮೇಲೆ ಬಣ್ಣ ಬಳಿದಿರಬಹುದು.

ಹೊಲಿಗೆಯೂ ಇದನ್ನೇ ಹೇಳುತ್ತದೆ. ಅಥಣಿ, ನಿಪ್ಪಾಣಿ ಕಡೆಯ ಕುಶಲಕರ್ಮಿಗಳು ಮೊಳೆ ಹಾಕದೆ ತೊಗಲಿನ ಬಾರಿನಿಂದ ಹೊಲಿಯುತ್ತಾರೆ. ಬಾರು ಚಪ್ಪಟೆ. ಒಂದು ಹೊಲಿಗೆ ಚೂರು ಉದ್ದ, ಇನ್ನೊಂದು ಗಿಡ್ಡ. ಗುಂಡಗೆ ಹೊಸೆದ ದಾರ, ಸಮಸಮ ಅಂತರ ಕಂಡರೆ ಅದು ಮಷಿನ್ ಕೆಲಸ. ಅಡಿಯ ಫೋಟೊ ತಪ್ಪದೆ ಕೇಳಿ. ಮೇಲೆ ಸಾಲಾಗಿ ಹೊಲಿಗೆ ಇದ್ದು ಅಡಿಯಲ್ಲಿ ಗುರುತೇ ಇಲ್ಲದಿದ್ದರೆ, ಅಟ್ಟೆ ಹಿಡಿದಿರುವುದು ಅಂಟು. ಮಳೆಗೆ ನೆನೆದರೆ ಬಿಡುವುದು ಅಲ್ಲೇ.

ಇನ್ನೊಂದು ವಿಷಯ. ಎಡ–ಬಲ ಚಪ್ಪಲಿಯ ಮೇಲಿನ ಗೀರು, ರಂಧ್ರಗಳನ್ನು ಹೋಲಿಸಿ. ಎರಡನೆಯ ಮಾರಾಟಗಾರರ ಚಿತ್ರದಲ್ಲಿ ಎಡಗಾಲಿನ ಪಟ್ಟಿಯ ಸಣ್ಣ ಗೀರು, ಬಲಗಾಲಿನಲ್ಲೂ ಕನ್ನಡಿಯಲ್ಲಿ ಕಂಡಂತೆ ಅದೇ ಜಾಗದಲ್ಲಿದೆ. ಒಂದೇ ಕಾಲಿನ ಫೋಟೊ ತಿರುಗಿಸಿ ಜೋಡಿ ಮಾಡಿದ್ದಾರೆ ಅಲ್ವಾ? ಹಾಗಾಗಿ ನಿಮಗೆ ಬರುವ ಜೋಡಿ ಹೇಗಿದೆ ಅಂತ ಆ ಚಿತ್ರದಿಂದ ತಿಳಿಯುವುದಿಲ್ಲ. ಕೊಂಡವರು ಹಾಕಿದ ಫೋಟೊಗಳನ್ನೇ ನೋಡಿ.

ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ತೊಗಲೋ ಅಲ್ಲವೋ ಎಂಬುದು ಮಾತ್ರ ಫೋಟೊದಲ್ಲಿ ಗೊತ್ತಾಗದು. ಅದಕ್ಕೆ ಕೈಯಲ್ಲಿ ಹಿಡಿದು ಮೂಸಿ ನೋಡಬೇಕು. 2019ರಲ್ಲಿ ಸಿಕ್ಕ ಜಿಐ, ಅಂದರೆ ಭೌಗೋಳಿಕ ಸೂಚಕ ಮಾನ್ಯತೆಯಲ್ಲಿ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರವೂ ಇವೆ. ಹಾಗಾಗಿ ಮೊದಲನೆಯವರನ್ನು ‘ಯಾವ ಊರಲ್ಲಿ ಮಾಡಿದ್ದು’ ಅಂತ ಕೇಳಿ. ಅಂಚಿಗೆ ಸ್ಕೇಲ್ ಇಟ್ಟು ತೆಗೆದ ಒಂದು ಫೋಟೊ, ಅಡಿಯದೊಂದು ಫೋಟೊ ತರಿಸಿಕೊಳ್ಳಿ. ವಾಪಸ್ ತಗೊಳ್ತೀವಿ ಅಂದರೆ ಮಾತ್ರ ದುಡ್ಡು ಕೊಡಿ.