ಚಿತ್ರಗೀತೆಯಂಥ ಹಾಡಿನಲ್ಲಿ ಗಜಲ್‌ನ ರದೀಫ್, ಕಾಫಿಯಾ ಬಳಸುವುದು ಹೇಗೆ?

ಇಡೀ ಹಾಡನ್ನು ಗಜಲ್ ಮಾಡಬೇಕಿಲ್ಲ. ಮತ್ಲಾ, ಅಂದರೆ ಗಜಲ್‌ನ ಮೊದಲ ದ್ವಿಪದಿಯನ್ನು ಪಲ್ಲವಿಯಾಗಿಸಿ. ಅದರ ಎರಡೂ ಸಾಲುಗಳ ಕೊನೆಯಲ್ಲಿ ಬದಲಾಗದ ರದೀಫ್, ಅದರ ಹಿಂದೆಯೇ ಪ್ರಾಸದ ಪದವಾದ ಕಾಫಿಯಾ ಇರಬೇಕು:

ಅಂಗಳದಲ್ಲಿ ಸುಮ್ಮನೆ ಸುರಿಯಿತು ಮಳೆ ನೀನಿಲ್ಲದೆ
ದೀಪ ಹಚ್ಚಿದರೂ ಮನೆಗಿಲ್ಲ ಕಳೆ ನೀನಿಲ್ಲದೆ

ಇಲ್ಲಿ ‘ನೀನಿಲ್ಲದೆ’ ರದೀಫ್. ‘ಮಳೆ’, ‘ಕಳೆ’ ಕಾಫಿಯಾ. ಚರಣದಲ್ಲಿ ಮೊದಲ ಸಾಲು ಸ್ವತಂತ್ರ, ಕೊನೆಯ ಸಾಲು ಮಾತ್ರ ಪಲ್ಲವಿಯ ಕಟ್ಟಿಗೆ ಮರಳುತ್ತದೆ:

ಜಾತ್ರೆಯ ಗದ್ದಲದ ನಡುವೆ ಒಬ್ಬಳೇ ನಿಂತೆ
ಸದ್ದನ್ನೇ ಮರೆಯಿತು ಕೈಬಳೆ ನೀನಿಲ್ಲದೆ

ನಾಲ್ಕು ಸಾಲಿನ ಚರಣವಾದರೆ ಮೂರನ್ನು ಬಿಡುವಾಗಿ ಬರೆದು, ನಾಲ್ಕನೆಯದಕ್ಕೆ ಈ ಕಟ್ಟು ಹಾಕಿ. ಆಗ ಪಲ್ಲವಿಗೆ ಹಿಂತಿರುಗುವ ದಾರಿ ತಾನಾಗಿಯೇ ತೆರೆಯುತ್ತದೆ.

ಕನ್ನಡದಲ್ಲಿ ಎಡವುವುದು ವಿಭಕ್ತಿ ಪ್ರತ್ಯಯದಲ್ಲಿ. ‘ಮನೆಯಲ್ಲಿ’, ‘ಊರಲ್ಲಿ’ ಕಾಫಿಯಾ ಎನಿಸಬಹುದು. ಆದರೆ ‘ಅಲ್ಲಿ’ ತೆಗೆದರೆ ‘ಮನೆ’, ‘ಊರು’ ಉಳಿಯುತ್ತವೆ, ಪ್ರಾಸವೇ ಇಲ್ಲ. ಪ್ರಾಸ ಪದದ ಮೂಲದಲ್ಲೇ ಇರಲಿ. ಹಾಗಾಗಿ ಮತ್ಲಾ ಬರೆಯುವ ಮೊದಲೇ ಐದಾರು ಕಾಫಿಯಾ ಪಟ್ಟಿ ಮಾಡಿಕೊಳ್ಳುವುದು ಒಳ್ಳೆಯದು. ‘ಮಳೆ’ಗೆ ‘ಹೊಳೆ’ಯನ್ನು ಹಾಡಿನಲ್ಲಿ ಒಪ್ಪಬಹುದು, ಆದರೆ ಸ್ವರವೂ ಹೊಂದುವ ‘ಬಳೆ’ಯೇ ನನಗೆ ಇಷ್ಟ.

ರದೀಫನ್ನು ಮುಚ್ಚಿ ಸಾಲನ್ನು ಓದಿ. ಅರ್ಥಕ್ಕೆ ಏನೂ ಕೊರತೆಯಾಗದಿದ್ದರೆ ಅದು ಅಂಟಿಸಿದ ಬಾಲ, ಆ ಸಾಲನ್ನು ಮತ್ತೆ ಬರೆಯಬೇಕು. ಸಂಗೀತ ನಿರ್ದೇಶಕರಿಗೂ ಒಂದು ಮಾತು ಹೇಳಿ: ರಾಗದ ಒತ್ತು ಕಾಫಿಯಾ ಮೇಲೆ ಬೀಳಲಿ, ಅಲ್ಲಿ ಕ್ಷಣ ತಡೆದು ಆಮೇಲೆ ರದೀಫ್‌ಗೆ ಇಳಿಯಲಿ. ಕೇಳುಗರು ‘ಬಳೆ’ ಕೇಳಿದೊಡನೆ ‘ನೀನಿಲ್ಲದೆ’ ಎಂದು ತಾವೇ ಗುನುಗುವುದು ಆ ತಡೆಯಲ್ಲೇ.