ವೆಲ್ಡಿಂಗ್ ಅಪ್ರೆಂಟಿಸ್ ಆಫರ್ ಅಸಲಿಯಾ?

"ವೆಲ್ಡರ್ ಸರ್ಟಿಫಿಕೇಟ್ ಇದೆ. ಒಂದು ವರ್ಷ ಅಪ್ರೆಂಟಿಸ್, ಆಮೇಲೆ ಕೆಲಸ ಗ್ಯಾರಂಟಿ ಅಂತ ಮೆಸೇಜ್ ಬಂದಿದೆ. ಮೊದಲು ರಿಜಿಸ್ಟ್ರೇಷನ್ ಫೀಸ್ ಕಟ್ಟಬೇಕಂತೆ. ನಂಬಬಹುದಾ?"

ಫೀಸ್ ಕಟ್ಟಬೇಡಿ. ಅಪ್ರೆಂಟಿಸ್‌ಗೆ ಕಂಪನಿಯೇ ದುಡ್ಡು ಕೊಡಬೇಕು, ಅಲ್ವಾ?

ಒಪ್ಪಂದದ ನೋಂದಣಿ ಸಂಖ್ಯೆ ಕೇಳಿ. ಅವರು ಕಳಿಸಿದ ಲಿಂಕ್ ಒತ್ತದೆ, ಅಪ್ರೆಂಟಿಸ್‌ಶಿಪ್ ನೋಡಿಕೊಳ್ಳುವ ಸರ್ಕಾರಿ ವೆಬ್‌ಸೈಟ್ ನೀವೇ ತೆರೆದು ವಿಚಾರಿಸಿ. ಕಂಪನಿಗೂ ಫೋನ್ ಮಾಡಿ, ಆದರೆ ಮೆಸೇಜ್‌ನಲ್ಲಿರೋ ನಂಬರಿಗಲ್ಲ.

ಇಷ್ಟಕ್ಕೇ ನಿಲ್ಲಿಸಬೇಡಿ. ನನ್ನ ಅಪ್ರೆಂಟಿಸ್ ಕಾಗದವೆಲ್ಲ ಪಕ್ಕಾ ಇತ್ತು. ಆದರೂ ಎಂಟು ತಿಂಗಳು ಬರೀ ಗ್ರೈಂಡಿಂಗ್, ಟ್ಯಾಕ್ ಹಾಕೋದು. ಆಮೇಲೆ ಒಂದು ಕಡೆ ಕೆಲಸಕ್ಕೆ ಹೋದಾಗ 6ಜಿ ಟೆಸ್ಟ್ ಕೊಟ್ಟರು. ಅಂದರೆ 45 ಡಿಗ್ರಿ ಓರೆಯಾಗಿ ಕಟ್ಟಿದ ಪೈಪನ್ನು ತಿರುಗಿಸದೆ ಸುತ್ತಲೂ ಬೆಸೆಯಬೇಕು. ಕೆಳಗಿನ ಭಾಗದಲ್ಲಿ ರೂಟ್ ಸರಿಯಾಗಿ ಕೂರಲೇ ಇಲ್ಲ, ಫೇಲ್. ಪ್ಲೇಟನ್ನು ಮೇಜಿನ ಮೇಲೆ ಮಲಗಿಸಿ ಮಾಡೋ 1ಜಿ ಮಾತ್ರ ಗೊತ್ತಿದ್ದರೆ ಪೈಪ್ ಕೆಲಸ ಸಿಗೋದು ಕಷ್ಟ.

ಹಾಗಾಗಿ ಸಹಿ ಹಾಕೋ ಮುಂಚೆ ತರಬೇತಿ ಯೋಜನೆ ಕೇಳಿ. ಆರ್ಕ್ ಅಥವಾ ಟಿಗ್, ಯಾವ ಪೊಸಿಷನ್, ಎಷ್ಟು ವಾರ, ಕಲಿಸೋರು ಯಾರು ಅಂತ ಬರೆದಿರಬೇಕು. "ಎಲ್ಲಾ ಕಲಿಸ್ತೀವಿ" ಅಂದರೆ ಸುಮ್ನೆ ಹೇಳೋ ಮಾತು. "ಕೆಲಸ ಗ್ಯಾರಂಟಿ" ಅನ್ನೋದೂ ಅಷ್ಟೇ. ಯಾವ ಟೆಸ್ಟ್ ಪಾಸಾದರೆ, ಯಾವ ಹುದ್ದೆ, ಎಷ್ಟು ಸಂಬಳ ಅಂತ ಒಪ್ಪಂದದಲ್ಲೇ ಬರೆಸಿ.

ಸೇರಿದ ಮೇಲೆ ಲಾಗ್‌ಬುಕ್ಕಿಗೆ ವಾರ ವಾರ ಸೂಪರ್‌ವೈಸರ್ ಸಹಿ ಹಾಕಿಸಿಕೊಳ್ಳಿ. ನಾನು ಕೊನೆಗೆ ಒಟ್ಟಿಗೆ ಹಾಕಿಸೋಣ ಅಂತಿದ್ದೆ. ಅಷ್ಟರಲ್ಲಿ ಅವರು ಕೆಲಸ ಬಿಟ್ಟು ಹೋಗಿದ್ದರು.